ರೂಪಾಯಿ ಚಿನ್ನವಾಗುವ ದಿನ

ಮೈಸೂರಿನಲ್ಲಿರುವ ನನ್ನ ಚಿಕ್ಕಮ್ಮ 2025ರ ಜನವರಿಯಲ್ಲಿ ಒಡವೆ ಅಂಗಡಿಯೊಂದರಲ್ಲಿ ಚಿನ್ನದ ಚೀಟಿ ಸೇರಿದರು. ತಿಂಗಳಿಗೆ 5,000 ರೂಪಾಯಿಯಂತೆ ಹನ್ನೊಂದು ಕಂತು ಕಟ್ಟಬೇಕು, ಹನ್ನೆರಡನೆಯದನ್ನು ಅಂಗಡಿಯವರು ಸೇರಿಸುತ್ತಾರೆ. ಮಗಳ ಮದುವೆಗೆ ಇನ್ನೂ ಮೂರು ವರ್ಷವಿದೆ, ವರ್ಷಕ್ಕೊಂದು ಚೀಟಿ ಮುಗಿಸಿದರೆ ಸರಕ್ಕೆ ಆಗುವಷ್ಟು ಚಿನ್ನ ಕೂಡಿಬರುತ್ತದೆ ಎಂಬುದು ಅವರ ಲೆಕ್ಕ. ಒಂದು ತಿಂಗಳೂ ತಪ್ಪಿಸಲಿಲ್ಲ. ಡಿಸೆಂಬರಿನಲ್ಲಿ ಅಂಗಡಿಗೆ ಹೋದಾಗ ಕೈಗೆ ಸಿಕ್ಕಿದ್ದು ಐದು ಗ್ರಾಂ ಚಿನ್ನದ ಬೆಲೆ. ಅಂದು ಸಂಜೆ ನನಗೆ ಫೋನ್ ಮಾಡಿ, ‘ಜನವರಿಯಲ್ಲಿ ಏಳು ಸಾವಿರದ ಚಿಲ್ಲರೆ ಇತ್ತು ಕಣೋ ಗ್ರಾಂಗೆ. ಅವತ್ತಿಂದ ಕಟ್ಟಿದ್ದೀನಿ. ಐದೇ ಗ್ರಾಂ ಹೇಗೆ ಬರುತ್ತೆ?’ ಎಂದು ಕೇಳಿದರು.

ಅವರ ಪಾಸ್‌ಬುಕ್ ನೋಡಿದ ಮೇಲೆ ಉತ್ತರ ಸಿಕ್ಕಿತು. ಅದರಲ್ಲಿ ತಾರೀಖಿತ್ತು, ಕಟ್ಟಿದ ಹಣವಿತ್ತು, ಸಹಿಯಿತ್ತು. ಗ್ರಾಂ ಬರೆಯುವ ಕಾಲಂ ಇರಲಿಲ್ಲ. ಅಂದರೆ ಚಿಕ್ಕಮ್ಮ ಹನ್ನೊಂದು ತಿಂಗಳು ಹಣ ಕೂಡಿಟ್ಟಿದ್ದರು, ಚಿನ್ನ ಕೊಂಡಿದ್ದು ಮಾತ್ರ ಡಿಸೆಂಬರಿನ ಆ ಒಂದೇ ದಿನ. ‘ತಿಂಗಳು ತಿಂಗಳು ಚಿನ್ನ ತಗೋತೀನಿ’ ಎಂದುಕೊಂಡವರು ಕೊನೆಗೆ ಒಂದೇ ಗಂಟಿನಲ್ಲಿ, ಅದೂ ವರ್ಷದಲ್ಲೇ ಅತಿ ದುಬಾರಿ ಎನ್ನಬಹುದಾದ ದಿನಗಳಲ್ಲಿ ಕೊಂಡಿದ್ದರು.

ಲೆಕ್ಕ ಬಿಡಿಸಿ ನೋಡೋಣ. ಆ ವರ್ಷ 22 ಕ್ಯಾರೆಟ್ ಚಿನ್ನ ಜನವರಿ ಎರಡನೇ ವಾರದಲ್ಲಿ ಗ್ರಾಂಗೆ ಸುಮಾರು 7,300 ರೂಪಾಯಿ ಇತ್ತು. ಏಪ್ರಿಲ್‌ನಲ್ಲಿ 8,500 ದಾಟಿತು, ಮೇ ತಿಂಗಳಿನಿಂದ ಜುಲೈವರೆಗೆ 9,000ದ ಆಸುಪಾಸಿನಲ್ಲೇ ನಿಂತಿತ್ತು, ಸೆಪ್ಟೆಂಬರಿನಲ್ಲಿ ಹತ್ತು ಸಾವಿರ ಮುಟ್ಟಿ, ಅಕ್ಟೋಬರಿನ ಹೊತ್ತಿಗೆ 11,000 ಮೀರಿತು. ಡಿಸೆಂಬರಿನಲ್ಲಿ ಸುಮಾರು 11,950. ಚಿಕ್ಕಮ್ಮನ 55,000ಕ್ಕೆ ಅಂಗಡಿಯ 5,000 ಸೇರಿ 60,000. ಅದನ್ನು 11,950ರಿಂದ ಭಾಗಿಸಿದರೆ ಐದು ಗ್ರಾಂ ಮತ್ತು ಒಂದಿಷ್ಟು ಮಿಲಿಗ್ರಾಂ. ಅದೇ 5,000ಕ್ಕೆ ಪ್ರತಿ ತಿಂಗಳೂ ಆಯಾ ದಿನದ ರೇಟಿನಲ್ಲಿ ಗ್ರಾಂ ಜಮಾ ಆಗಿದ್ದರೆ ಜನವರಿಯಲ್ಲಿ 0.68 ಗ್ರಾಂ, ಜುಲೈಯಲ್ಲಿ 0.55, ನವೆಂಬರಿನಲ್ಲಿ 0.44 ಎಂದು ಸೇರುತ್ತಾ ಒಟ್ಟು ಆರು ಗ್ರಾಂ ದಾಟುತ್ತಿತ್ತು. ಅಂಗಡಿಯವರ ಹನ್ನೆರಡನೇ ಕಂತು ಇಲ್ಲದೆಯೇ ಒಂದು ಗ್ರಾಂ ಹೆಚ್ಚು. ಜನವರಿಯಲ್ಲೇ ಕೈಯಲ್ಲಿ 55,000 ಇದ್ದು ಒಂದೇ ಸಲ ಕೊಂಡಿದ್ದರೆ ಏಳೂವರೆ ಗ್ರಾಂ.

ಒಂದೇ ಹಣಕ್ಕೆ ಐದು, ಆರು, ಏಳೂವರೆ ಗ್ರಾಂ. ಈ ಮೂರೂ ಬೇರೆಬೇರೆ ಆದದ್ದು ರೂಪಾಯಿ ಚಿನ್ನವಾಗಿ ಬದಲಾದ ದಿನ ಬೇರೆಯಾದ್ದರಿಂದ. ತಿಂಗಳಿಗಿಷ್ಟು ಎಂದು ಕೊಳ್ಳುವುದು ಒಳ್ಳೆಯದೋ ಒಂದೇ ಗಂಟು ಒಳ್ಳೆಯದೋ ಎಂಬ ಚರ್ಚೆಯೆಲ್ಲ ಈ ದಿನದ ಸುತ್ತಲೇ ಇದೆ.

2025 ವಿಪರೀತ ಏರಿಕೆಯ ವರ್ಷ. ಅದೊಂದನ್ನೇ ನೋಡಿ ಬೇಗ ಕೊಂಡವನೇ ಗೆದ್ದ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಹಿಂದಕ್ಕೆ ಹೋಗಬೇಕು. ಮುಂಬೈ ಮಾರುಕಟ್ಟೆಯ ಅಪರಂಜಿ ಚಿನ್ನದ ವಾರ್ಷಿಕ ಸರಾಸರಿ ಬೆಲೆಯನ್ನು ರಿಸರ್ವ್ ಬ್ಯಾಂಕ್ ಪ್ರತಿ ಹಣಕಾಸು ವರ್ಷಕ್ಕೆ ಪ್ರಕಟಿಸುತ್ತದೆ. ಅದನ್ನು ಹತ್ತಿರದ ನೂರಕ್ಕೆ ಸರಿಹೊಂದಿಸಿ ಎರಡು ಕಾಲಘಟ್ಟ ತೆಗೆದುಕೊಳ್ಳುತ್ತೇನೆ. ಎರಡರಲ್ಲೂ ಒಟ್ಟು ಹಣ 60,000 ರೂಪಾಯಿ. ಒಬ್ಬರು ಮೊದಲ ವರ್ಷವೇ ಪೂರ್ತಿ ಹಣಕ್ಕೆ ಚಿನ್ನ ಕೊಳ್ಳುತ್ತಾರೆ. ಇನ್ನೊಬ್ಬರು ತಿಂಗಳಿಗೆ 1,000ದಂತೆ ಐದು ವರ್ಷ ಕೊಳ್ಳುತ್ತಾರೆ.

ಮೊದಲನೆಯದು 2012-13ರಿಂದ 2016-17. ಹತ್ತು ಗ್ರಾಂನ ಸರಾಸರಿ 30,200ರಲ್ಲಿ ಶುರುವಾಗಿ 29,200ಕ್ಕೆ, 27,400ಕ್ಕೆ, 26,500ಕ್ಕೆ ಇಳಿದು, ಕೊನೆಯ ವರ್ಷ 29,700ಕ್ಕೆ ಚೇತರಿಸಿಕೊಂಡಿತು. ಒಂದೇ ಗಂಟಿನವರಿಗೆ ಸಿಕ್ಕಿದ್ದು 19.9 ಗ್ರಾಂ. ತಿಂಗಳ ಲೆಕ್ಕದವರಿಗೆ 21 ಗ್ರಾಂ. ಇದಷ್ಟೇ ಅಲ್ಲ, ಎರಡನೆಯವರ ಬಳಿಯೂ ಮೊದಲೇ 60,000 ಇದ್ದು, ಉಳಿದ ಹಣ ಬ್ಯಾಂಕಿನಲ್ಲಿ ಶೇ 6ರ ಬಡ್ಡಿಗೆ ಕೂತಿತ್ತು ಎಂದುಕೊಳ್ಳಿ. ಆಗ ತಿಂಗಳಿಗೆ 1,000ದ ಬದಲು ಸುಮಾರು 1,160 ರೂಪಾಯಿ ತೆಗೆಯಬಹುದಿತ್ತು. ಅಲ್ಲಿಗೆ 24.4 ಗ್ರಾಂ. ಆ ವರ್ಷಗಳಲ್ಲಿ ಬ್ಯಾಂಕ್ ಬಡ್ಡಿ ಇದಕ್ಕಿಂತ ಹೆಚ್ಚೇ ಇತ್ತು.

ಎರಡನೆಯದು 2019-20ರಿಂದ 2023-24. ಸರಾಸರಿ 37,000ದಿಂದ ಮರುವರ್ಷವೇ 48,700ಕ್ಕೆ ನೆಗೆಯಿತು, ಆಮೇಲೆ 48,000, 52,700, 60,600. ಒಂದೇ ಗಂಟಿನವರಿಗೆ 16.2 ಗ್ರಾಂ ಸಿಕ್ಕರೆ ತಿಂಗಳ ಲೆಕ್ಕದವರಿಗೆ 12.5 ಗ್ರಾಂ. ಬ್ಯಾಂಕ್ ಬಡ್ಡಿ ಸೇರಿಸಿಕೊಂಡರೂ ಹದಿನಾಲ್ಕೂವರೆ ಗ್ರಾಂ ದಾಟುವುದಿಲ್ಲ.

ಮೊದಲ ಕಾಲಘಟ್ಟದಲ್ಲಿ ತಿಂಗಳ ಖರೀದಿ ಗೆದ್ದದ್ದು ‘ಸರಾಸರಿಯ ಮಹಿಮೆ’ಯಿಂದ ಎಂದು ಹೇಳುವವರು ಬಹಳ. ಬೆಲೆ ಇಳಿದಾಗ ಹೆಚ್ಚು ಗ್ರಾಂ, ಏರಿದಾಗ ಕಡಿಮೆ ಗ್ರಾಂ ಬರುವುದರಿಂದ ಕೊಂಡ ಬೆಲೆ ಮಾರುಕಟ್ಟೆಯ ಸರಾಸರಿಗಿಂತ ಕೆಳಗೇ ಬೀಳುತ್ತದೆ ಎಂಬುದು ಅವರ ಮಾತು. ಗಣಿತ ಸರಿ. ಗ್ರಾಂಗೆ ಒಂದು ತಿಂಗಳು 10,000, ಮುಂದಿನ ತಿಂಗಳು 8,000 ಇದ್ದರೆ ಸರಾಸರಿ ಬೆಲೆ 9,000. ತಿಂಗಳಿಗೆ 10,000 ಹಾಕಿದವರಿಗೆ ಮೊದಲು ಒಂದು ಗ್ರಾಂ, ಆಮೇಲೆ ಒಂದೂಕಾಲು ಗ್ರಾಂ ಸಿಕ್ಕಿ ಗ್ರಾಂ ಒಂದಕ್ಕೆ ಬಿದ್ದದ್ದು 8,889 ರೂಪಾಯಿ. ಉಳಿತಾಯ 111 ರೂಪಾಯಿ. ಆದರೆ ಇದಕ್ಕೆ ಒಂದೇ ತಿಂಗಳಲ್ಲಿ ಬೆಲೆ ಶೇ 20ರಷ್ಟು ಕುಸಿಯಬೇಕಾಯಿತು. ಚಿನ್ನ ಹಾಗೆ ಏರಿಳಿಯುವುದು ಅಪರೂಪ. ಮೊದಲ ಕಾಲಘಟ್ಟದ ಐದು ವರ್ಷಗಳಲ್ಲಿ ಗ್ರಾಂನ ಸರಾಸರಿ ಬೆಲೆ 2,860. ತಿಂಗಳ ಲೆಕ್ಕದವರು ಕೊಟ್ಟದ್ದು 2,853. ಸರಾಸರಿಯ ಮಹಿಮೆಯಿಂದ ಉಳಿದದ್ದು ಗ್ರಾಂಗೆ ಏಳು ರೂಪಾಯಿ! ವಾರ್ಷಿಕ ಸರಾಸರಿಯ ಬದಲು ತಿಂಗಳ ಬೆಲೆ ಹಿಡಿದು ಲೆಕ್ಕ ಹಾಕಿದರೆ ಇನ್ನೂ ಒಂದೆರಡು ರೂಪಾಯಿ ಹೆಚ್ಚಬಹುದು, ಅಷ್ಟೆ. ಉಳಿದ ಗೆಲುವೆಲ್ಲ ಬಂದದ್ದು ಆ ವರ್ಷಗಳಲ್ಲಿ ಬೆಲೆ ಇಳಿದದ್ದರಿಂದ. ಕಾದವರಿಗೆ ಅಗ್ಗವಾಗಿ ಸಿಕ್ಕಿತು.

ಹಾಗಾದರೆ ಇಳಿಯುವುದು ಎಷ್ಟು ಸಲ, ಏರುವುದು ಎಷ್ಟು ಸಲ? ರಿಸರ್ವ್ ಬ್ಯಾಂಕಿನ ಇದೇ ಪಟ್ಟಿಯಲ್ಲಿ 1990-91ರಿಂದ 2023-24ರವರೆಗೆ ನೋಡಿದರೆ ವರ್ಷದ ಸರಾಸರಿ ಹಿಂದಿನ ವರ್ಷಕ್ಕಿಂತ ಕೆಳಗಿಳಿದದ್ದು ಮೂವತ್ತಮೂರರಲ್ಲಿ ಎಂಟು ಸಲ. ನಾಲ್ಕರಲ್ಲಿ ಒಂದು. ಗಂಟು ಹಣ ಕೈಯಲ್ಲಿದ್ದವರಿಗೆ ಮುಕ್ಕಾಲು ಪಾಲು ಸಂದರ್ಭಗಳಲ್ಲಿ ಕಾಯುವುದು ನಷ್ಟವಾಗಿದೆ ಎಂದು ಇತಿಹಾಸ ಹೇಳುತ್ತದೆ. ಆದರೆ ಆ ಎಂಟು ವರ್ಷಗಳು ಚದುರಿ ಬಂದವುಗಳಲ್ಲ. ಹೆಚ್ಚಿನವು ಗುಂಪಾಗಿ ಬಂದಿವೆ. 1996-97ರಲ್ಲಿ ಹತ್ತು ಗ್ರಾಂಗೆ ಸುಮಾರು 5,070 ಕೊಟ್ಟವರು ಎರಡು ವರ್ಷದಲ್ಲಿ ಅದು 4,270ಕ್ಕೆ ಇಳಿದದ್ದನ್ನು ನೋಡಿದರು. ಕೊಟ್ಟ ಬೆಲೆ ಮತ್ತೆ ಕಂಡದ್ದು 2002-03ರಲ್ಲಿ. ಅವರು ಕೊಂಡ ವರ್ಷ ಬ್ಯಾಂಕಿನ ಠೇವಣಿಗೆ ಶೇ 10ಕ್ಕೂ ಹೆಚ್ಚು ಬಡ್ಡಿ ಬರುತ್ತಿತ್ತು. ಆರು ವರ್ಷ ಹಣ ಬೆಳೆಯಲೇ ಇಲ್ಲ ಅಂದರೆ ಅದು ನಿಜವಾದ ನಷ್ಟ. ಆ ಹೊತ್ತಿನಲ್ಲಿ ತಿಂಗಳಿಗಿಷ್ಟು ಎಂದು ಕೊಂಡವರಿಗೆ ಐದು ವರ್ಷದಲ್ಲಿ ಅದೇ ಹಣಕ್ಕೆ ಎಂಟನೇ ಒಂದು ಪಾಲು ಹೆಚ್ಚು ಚಿನ್ನ ಸಿಕ್ಕಿತ್ತು.

ನಮ್ಮ ದೇಶದಲ್ಲಿ ಚಿನ್ನದ ಕುಸಿತ ಮೃದುವಾಗಿ ಕಾಣುವುದಕ್ಕೆ ಒಂದು ಕಾರಣವಿದೆ, ಅದನ್ನು ತಿಳಿಯದೆ ‘ಚಿನ್ನ ಎಂದೂ ಇಳಿಯದು’ ಎಂದು ನಂಬಿದವರು ಬಹಳ ಮಂದಿ. ಲಂಡನ್ ಮಾರುಕಟ್ಟೆಯಲ್ಲಿ 2011ರ ಸೆಪ್ಟೆಂಬರಿನಲ್ಲಿ ಔನ್ಸಿಗೆ 1,895 ಡಾಲರ್ ಇದ್ದ ಚಿನ್ನ 2015ರ ಡಿಸೆಂಬರಿನಲ್ಲಿ 1,050 ಡಾಲರಿನ ಹತ್ತಿರ ಬಂತು. ಶೇ 45ರಷ್ಟು ಕುಸಿತ. ನಮ್ಮಲ್ಲಿ ವಾರ್ಷಿಕ ಸರಾಸರಿ 30,200ರಿಂದ 26,500ಕ್ಕೆ, ಅಂದರೆ ಶೇ 12ರಷ್ಟು ಮಾತ್ರ ಇಳಿಯಿತು. ನಡುವೆ ಎರಡು ಸಂಗತಿ ಆಸರೆಯಾಗಿ ನಿಂತಿದ್ದವು. ಡಾಲರಿಗೆ 45-46 ಇದ್ದ ರೂಪಾಯಿ 66ಕ್ಕೆ ಜಾರಿತ್ತು. ಆಮದು ಸುಂಕ 2012ರ ಜನವರಿಯಲ್ಲಿ ಶೇ 2 ಇದ್ದದ್ದು 2013ರ ಆಗಸ್ಟ್ ಹೊತ್ತಿಗೆ ಶೇ 10 ಆಗಿತ್ತು. ಅಂಗಡಿಯ ಬೋರ್ಡಿನಲ್ಲಿ ಬರೆಯುವ ರೇಟು ಜಗತ್ತಿನ ಚಿನ್ನದ ಬೆಲೆ, ರೂಪಾಯಿಯ ಬೆಲೆ, ದೆಹಲಿಯ ಸುಂಕ ಮೂರೂ ಸೇರಿ ಆದದ್ದು.

ಈ ಮೂರನೆಯದು ತಿರುಗಿ ಹೊಡೆಯಲೂ ಬಲ್ಲದು. 2024ರ ಜುಲೈ 23ರ ಬಜೆಟ್‌ನಲ್ಲಿ ಸುಂಕ ಶೇ 15ರಿಂದ 6ಕ್ಕೆ ಇಳಿದಾಗ ಕೆಲವೇ ದಿನಗಳಲ್ಲಿ ಹತ್ತು ಗ್ರಾಂಗೆ ನಾಲ್ಕು ಸಾವಿರ ರೂಪಾಯಿಗೂ ಹೆಚ್ಚು ಕಡಿಮೆಯಾಯಿತು. ಹಿಂದಿನ ವಾರ ಮದುವೆಗೆಂದು ನೂರು ಗ್ರಾಂ ಒಟ್ಟಿಗೆ ಕೊಂಡವರಿಗೆ ನಲವತ್ತು ಸಾವಿರದ ಪೆಟ್ಟು. ಅವರೇನೂ ತಪ್ಪು ಮಾಡಿರಲಿಲ್ಲ, ಬಜೆಟ್‌ನಲ್ಲಿ ಏನಿದೆ ಎಂದು ಯಾರಿಗೆ ತಿಳಿದೀತು? ತಿಂಗಳ ಖರೀದಿ ಕಾಪಾಡುವುದು ಇಂಥ ಒಂದು ಕೆಟ್ಟ ದಿನದಿಂದ. ಅದು ಚಿನ್ನವನ್ನು ಅಗ್ಗ ಮಾಡುವುದಿಲ್ಲ. ಇಡೀ ಹಣ ಒಂದೇ ತಾರೀಖಿನ ಹಣೆಬರಹಕ್ಕೆ ಬೀಳದಂತೆ ನೋಡಿಕೊಳ್ಳುತ್ತದೆ. ಅದಕ್ಕೆ ಕೊಡುವ ಬೆಲೆ ಏನೆಂದರೆ, ನಾಲ್ಕರಲ್ಲಿ ಮೂರು ಸಲ ಸ್ವಲ್ಪ ಕಡಿಮೆ ಗ್ರಾಂಗೆ ಒಪ್ಪಿಕೊಳ್ಳಬೇಕು.

ಒಂದೇ ಗಂಟು ಹಾಕುವವರ ನಿಜವಾದ ತೊಡಕು ಲೆಕ್ಕದಲ್ಲಿಲ್ಲ, ಮನಸ್ಸಿನಲ್ಲಿದೆ. ಕೇಂದ್ರ ಸರ್ಕಾರ ಚಿನ್ನದ ಬಾಂಡ್‌ಗಳ ಮೊದಲ ಕಂತನ್ನು ತಂದದ್ದು 2015ರ ನವೆಂಬರಿನಲ್ಲಿ. ಗ್ರಾಂಗೆ 2,684 ರೂಪಾಯಿ, ಮೇಲೆ ವರ್ಷಕ್ಕೆ ಶೇ 2.75 ಬಡ್ಡಿ. ಮೂರು ವರ್ಷದಿಂದ ಇಳಿಯುತ್ತಲೇ ಬಂದಿದ್ದ ಚಿನ್ನವನ್ನು ಆಗ ಯಾರೂ ಕೇಳುವ ಮನಸ್ಸಿನಲ್ಲಿರಲಿಲ್ಲ. ಇಡೀ ದೇಶದಿಂದ ಬಂದದ್ದು ಸುಮಾರು 246 ಕೋಟಿ ರೂಪಾಯಿ. ಎಂಟು ವರ್ಷದ ನಂತರ, 2023ರ ನವೆಂಬರಿನಲ್ಲಿ, ಅದೇ ಬಾಂಡಿಗೆ ಗ್ರಾಂ ಒಂದಕ್ಕೆ 6,132 ರೂಪಾಯಿ ಮರಳಿ ಸಿಕ್ಕಿತು. ಗಂಟು ಹಣ ಹಾಕಲು ಅದು ಒಳ್ಳೆಯ ತಿಂಗಳುಗಳಲ್ಲಿ ಒಂದಾಗಿತ್ತು, ಆದರೆ ಆಗ ಧೈರ್ಯ ಮಾಡಿದವರು ಕಡಿಮೆ. ಬೆಲೆ ಏರಿ ಪತ್ರಿಕೆಯ ಮುಖಪುಟಕ್ಕೆ ಬಂದ ಮೇಲೆಯೇ ನಾವು ಗಂಟು ಬಿಚ್ಚುವುದು. ತಿಂಗಳ ಕಂತಿಗೆ ಈ ಧೈರ್ಯದ ಹಂಗಿಲ್ಲ. 2015ರಲ್ಲೂ ಅದು ಸದ್ದಿಲ್ಲದೆ ಕೊಳ್ಳುತ್ತಾ ಹೋಗುತ್ತದೆ. ನನ್ನ ಮಟ್ಟಿಗೆ ಅದರ ದೊಡ್ಡ ಗುಣ ಇದೇ. ಆ ಬಾಂಡ್‌ಗಳ ಹೊಸ ಕಂತು 2024ರ ಫೆಬ್ರುವರಿಯ ನಂತರ ಬಂದಿಲ್ಲ.

ಇನ್ನೊಂದು ಮಾತು ಸಂಬಳದವರಿಗೆ. ಅವರ ಕೈಯಲ್ಲಿ 60,000 ಮೊದಲೇ ಇರುವುದಿಲ್ಲ, ತಿಂಗಳಿಗೆ ಐದು ಸಾವಿರ ಉಳಿದರೆ ಹೆಚ್ಚು. ಉಳಿದದ್ದಕ್ಕೆ ಆ ತಿಂಗಳೇ ಚಿನ್ನ ಕೊಂಡರೆ ಅವರು ಏನನ್ನೂ ಮುಂದೂಡಿದಂತಾಗಲಿಲ್ಲ, ಇದ್ದದ್ದನ್ನು ಇದ್ದಾಗಲೇ ಹಾಕಿದಂತಾಯಿತು. ಮುಂದೂಡುವವರು ಯಾರೆಂದರೆ ಹನ್ನೊಂದು ತಿಂಗಳು ಹಣ ಕೂಡಿಟ್ಟು ಅಕ್ಷಯ ತೃತೀಯದ ದಿನ ಕೊಳ್ಳುವವರು, ಮತ್ತು ಗ್ರಾಂ ಬರೆಯದ ಚೀಟಿ ಸೇರಿದವರು. ಬೆಲೆ ನಾಲ್ಕರಲ್ಲಿ ಮೂರು ವರ್ಷ ಏರಿದೆ ಎಂಬುದನ್ನು ನೆನೆದರೆ ಇವರ ಹಾದಿ ಕಷ್ಟದ್ದು ಎಂದು ತಿಳಿಯುತ್ತದೆ. ಬೆಲೆ ಇಳಿಯುವ ವರ್ಷದಲ್ಲಿ ಮಾತ್ರ ಅದೇ ಚೀಟಿ ಲಾಭ. ಕೊನೆಯ ದಿನದ ಬೆಲೆ ಎಲ್ಲಕ್ಕಿಂತ ಕಡಿಮೆ ಇದ್ದು, ಮೇಲೆ ಒಂದು ಕಂತು ಉಚಿತವಾಗಿ ಸಿಗುತ್ತದೆ.

ಚೀಟಿ ಹನ್ನೊಂದೇ ತಿಂಗಳು ಏಕೆ ಎಂದು ಚಿಕ್ಕಮ್ಮ ಕೇಳಿದ್ದರು. 2014ರ ಕಂಪನಿ ಠೇವಣಿ ನಿಯಮಗಳ ಪ್ರಕಾರ, ಮುಂಗಡ ಪಡೆದ ಹಣಕ್ಕೆ 365 ದಿನಗಳೊಳಗೆ ಸರಕು ಕೊಟ್ಟರೆ ಅದು ಮುಂಗಡ. ದಾಟಿದರೆ ಠೇವಣಿ, ಅದಕ್ಕೆ ಕಟ್ಟುನಿಟ್ಟು ಬೇರೆ. ಹಾಗಾಗಿ ಹನ್ನೆರಡು ತಿಂಗಳು ಮೀರಿ ಹಣ ಇಟ್ಟುಕೊಳ್ಳುತ್ತೇವೆ ಎನ್ನುವ ಒಡವೆ ಅಂಗಡಿಯ ಕಂಪನಿ ಸಿಕ್ಕರೆ ಅಲ್ಲಿಂದ ಎದ್ದು ಬರುವುದು ಮೇಲು. ಬ್ಯಾಂಕಿನ ಠೇವಣಿಗಿರುವ ವಿಮೆ ಈ ಹಣಕ್ಕಿಲ್ಲ. ಅಂಗಡಿ ಬಾಗಿಲು ಹಾಕಿದರೆ ಪಾಸ್‌ಬುಕ್ ಹಿಡಿದು ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಗ್ರಾಂಗೆ ಏಳು ರೂಪಾಯಿಯ ಸರಾಸರಿ ಲಾಭದ ಬಗ್ಗೆ ಮಾತಾಡಿದೆನಲ್ಲ, ಅದರ ಪಕ್ಕದಲ್ಲಿ ಒಡವೆಯ ಬಿಲ್ಲನ್ನು ಇಟ್ಟು ನೋಡಬೇಕು. 11,950 ರೂಪಾಯಿಯಂತೆ ಆರು ಗ್ರಾಂ ಚಿನ್ನಕ್ಕೆ 71,700. ಮೇಕಿಂಗ್ ಚಾರ್ಜ್, ವೇಸ್ಟೇಜ್ ಎಂದು ಶೇ 12 ಹಿಡಿದರೂ 8,600. ಇಡೀ ಮೊತ್ತದ ಮೇಲೆ ಶೇ 3 ಜಿಎಸ್‌ಟಿ ಎಂದರೆ ಇನ್ನೂ 2,400. ಹನ್ನೊಂದು ಸಾವಿರ ರೂಪಾಯಿ, ಹೆಚ್ಚು ಕಡಿಮೆ ಒಂದು ಗ್ರಾಂನ ಬೆಲೆ, ಒಡವೆ ಮಾರಲು ಹೋದ ದಿನ ವಾಪಸ್ ಬರುವುದಿಲ್ಲ. ಮಗಳು ತೊಡುವ ಸರವಾದರೆ ಈ ಖರ್ಚು ಒಂದು ಸಲ ಬರಲೇಬೇಕು. ಅದನ್ನು ಎರಡು ಸಲ ಕೊಡಬಾರದು ಅಷ್ಟೆ. ವರ್ಷಕ್ಕೊಂದು ಚಿಕ್ಕ ಉಂಗುರ, ಓಲೆ ಮಾಡಿಸಿ, ಮದುವೆಗೆ ಅದನ್ನೆಲ್ಲ ಕರಗಿಸಿ ಸರ ಮಾಡಿಸುವ ಮನೆಗಳಲ್ಲಿ ಹೀಗೇ ಆಗುತ್ತದೆ. ಬರಿಯ ಉಳಿತಾಯಕ್ಕಾದರೆ ಗೋಲ್ಡ್ ಇಟಿಎಫ್ ಅಥವಾ ಅದರಲ್ಲೇ ಹಣ ಹಾಕುವ ಗೋಲ್ಡ್ ಫಂಡ್ ಇದೆ. ಫಂಡಿಗೆ ಡಿಮ್ಯಾಟ್ ಖಾತೆಯೂ ಬೇಡ, ಪ್ರತಿ ತಿಂಗಳೂ ನಿಗದಿತ ದಿನ ಬ್ಯಾಂಕಿನಿಂದ ಹಣ ಹೋಗಿ ಅಂದಿನ ಬೆಲೆಗೆ ಯೂನಿಟ್ ಜಮಾ ಆಗುತ್ತದೆ, ನಿರ್ವಹಣಾ ಶುಲ್ಕ ಮಾತ್ರ ಸ್ವಲ್ಪ ಕಳೆಯುತ್ತದೆ. ಫೋನಿನ ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೂ ಸಿಗುವ ಡಿಜಿಟಲ್ ಚಿನ್ನ ಬೇರೆ. ಅದಕ್ಕೆ ಕೊಳ್ಳುವಾಗಲೇ ಶೇ 3 ಜಿಎಸ್‌ಟಿ, ಕೊಳ್ಳುವ ರೇಟಿಗೂ ಮಾರುವ ರೇಟಿಗೂ ಅಂತರ ಬೇರೆ. ಅದು ತನ್ನ ನಿಯಂತ್ರಣದಲ್ಲಿಲ್ಲ ಎಂದು ಸೆಬಿ 2025ರ ನವೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ.

ಜಮೀನು ಮಾರಿದ ಹಣ, ನಿವೃತ್ತಿಯ ಹಣ ಕೈಗೆ ಬಂದವರು ಏನು ಮಾಡಬೇಕು? ಹತ್ತು ಹದಿನೈದು ವರ್ಷ ಮುಟ್ಟದ ಹಣವಾದರೆ ಚಿನ್ನಕ್ಕೆಂದು ಎತ್ತಿಟ್ಟ ಪಾಲನ್ನು ಬೇಗ ಹಾಕಿದವರ ಪರವಾಗಿಯೇ ಇತಿಹಾಸ ಇದೆ. 2012-13ರಲ್ಲಿ 30,200ಕ್ಕೆ ಕೊಂಡು ಮೂರು ವರ್ಷ ಕೈ ಹಿಸುಕಿಕೊಂಡವರ ಚಿನ್ನ 2023-24ರಲ್ಲಿ ಎರಡರಷ್ಟಾಗಿತ್ತು. ಮೂರು ನಾಲ್ಕು ವರ್ಷದಲ್ಲಿ ಬೇಕಾಗುವ ಹಣವಾದರೆ ನಾನು ಹನ್ನೆರಡು ಭಾಗ ಮಾಡುತ್ತೇನೆ. ಒಂದು ವರ್ಷದಲ್ಲಿ ಮುಗಿಸುತ್ತೇನೆ, ಐದು ವರ್ಷ ಎಳೆಯುವುದಿಲ್ಲ. 2019ರ ಲೆಕ್ಕದಲ್ಲಿ ಹೆಚ್ಚು ಪೆಟ್ಟು ಬಿದ್ದದ್ದು ಬಹಳ ಕಾಲ ಎಳೆದದ್ದಕ್ಕೇ.

ಮದುವೆಗೆ ಕೂಡಿಡುವವರಿಗೆ ಬೇಕಾದದ್ದು ಹಣವಲ್ಲ, ತೂಕ. ತಿಂಗಳಿಗೆ 1,000 ಎಂದು ಗಟ್ಟಿಯಾಗಿ ಹಿಡಿದವರಿಗೆ 2019-20ರಲ್ಲಿ ವರ್ಷಕ್ಕೆ 3.2 ಗ್ರಾಂ ಬಂದರೆ 2023-24ರಲ್ಲಿ ಬಂದದ್ದು ಎರಡು ಗ್ರಾಂಗಿಂತ ಕಡಿಮೆ. ನಲವತ್ತು ಗ್ರಾಂನ ಸರ ಮನಸ್ಸಿನಲ್ಲಿದ್ದರೆ ವರ್ಷಕ್ಕೊಮ್ಮೆ ಉಳಿದ ಗ್ರಾಂ ಎಷ್ಟು, ಉಳಿದ ತಿಂಗಳು ಎಷ್ಟು, ಇಂದಿನ ರೇಟು ಎಷ್ಟು ಎಂದು ನೋಡಿ ಕಂತನ್ನು ತಿದ್ದಬೇಕು. ಸಂಬಳ ಏರಿದಾಗ ಕಂತೂ ಏರದಿದ್ದರೆ ಮದುವೆ ಹತ್ತಿರ ಬಂದಾಗ ಹದಿನೈದು ಗ್ರಾಂ ಕೊರತೆ ಬಿದ್ದು, ಅದನ್ನು ಅವಸರದಲ್ಲಿ, ಸಾಲ ಮಾಡಿ ಕೊಳ್ಳಬೇಕಾಗುತ್ತದೆ.

ಚಿಕ್ಕಮ್ಮ ಹೊಸ ವರ್ಷಕ್ಕೆ ಮತ್ತೆ ಚೀಟಿ ಸೇರಿದ್ದಾರೆ, ಬೇರೆ ಅಂಗಡಿಯಲ್ಲಿ. ಈ ಸಲ ಕಂತು ಕಟ್ಟುವ ಮೊದಲೇ ಕೌಂಟರಿನ ಹುಡುಗನನ್ನು, ‘ಇವತ್ತಿನ ರೇಟಿಗೆ ಗ್ರಾಂ ಬರೆದುಕೊಡ್ತೀಯೇನಪ್ಪಾ? ಮೇಕಿಂಗ್ ಎಷ್ಟು ಅಂತಾನೂ ಬರೀಬೇಕು’ ಎಂದು ಕೇಳಿದರಂತೆ. ಅವನು ಒಳಗೆ ಹೋಗಿ ಮಾಲೀಕರನ್ನು ಕೇಳಿ ಬಂದು ಬರೆದುಕೊಟ್ಟ. ಆ ಪುಟದ ಫೋಟೊ ನನಗೆ ಕಳಿಸಿದ್ದಾರೆ. ತಾರೀಖು, ಹಣ, ಆ ದಿನದ ರೇಟು, ಕೊನೆಯ ಕಾಲಂನಲ್ಲಿ ಮೂರು ದಶಮಾಂಶದವರೆಗೆ ಗ್ರಾಂ. ಕಂತು ಐದು ಸಾವಿರದಿಂದ ಏಳು ಸಾವಿರಕ್ಕೆ ಏರಿದೆ.